ಹಕ್ಕಿಯ ಕಾಲಿಗೆ ಕಟ್ಟಿದ ಚೀಟಿ

1930ರಲ್ಲಿ ಸಲೀಂ ಅಲಿ ಬರ್ಲಿನ್‌ನಿಂದ ಮುಂಬೈಗೆ ಮರಳಿದಾಗ ಅವರಿಗೆ ವಯಸ್ಸು ಮೂವತ್ಮೂರು. ಕೈಯಲ್ಲಿ ಕೆಲಸವಿಲ್ಲ. ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ತಿಂಗಳಿಗೆ 350 ರೂಪಾಯಿ ಸಂಬಳದ ಗೈಡ್ ಲೆಕ್ಚರರ್ ಹುದ್ದೆಯಿಂದ ರಜೆ ಪಡೆದು ಅವರು ಓದಲು ಹೋಗಿದ್ದರು. ವಾಪಸು ಬರುವಷ್ಟರಲ್ಲಿ ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದು ಮಾಡಲಾಗಿತ್ತು. ಬೇರೆ ಕಡೆ ಅರ್ಜಿ ಹಾಕೋಣವೆಂದರೆ ವಿಶ್ವವಿದ್ಯಾಲಯದ ಪದವಿ ಇಲ್ಲ. ಇದಕ್ಕೂ ಮುಂಚೆ ಝೂಲಾಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿ ಪಕ್ಷಿತಜ್ಞನ ಕೆಲಸ ಕೈತಪ್ಪಿದ್ದು ಅದೇ ಕಾರಣಕ್ಕೆ.

ಹದಿನೈದು ವರ್ಷ ಕಳೆಯುವಷ್ಟರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಯಾರಿಗೆ ಏನು ಅನುಮಾನ ಬಂದರೂ ಕೇಳಬೇಕಾದ ಮನುಷ್ಯ ಅವರೇ ಎಂಬಂತಾಗಿತ್ತು. ನಡುವೆ ಯಾವ ವಿಶ್ವವಿದ್ಯಾಲಯವೂ ಅವರನ್ನು ಕರೆದು ಕುರ್ಚಿ ಕೊಟ್ಟಿರಲಿಲ್ಲ. ಹಾಗಾದರೆ ಆ ಹೆಸರು ಬಂದದ್ದು ಎಲ್ಲಿಂದ? ಸಲೀಂ ಅಲಿಯವರನ್ನು ನಾವು ಸಾಮಾನ್ಯವಾಗಿ ನೆನೆಯುವುದು ಬಿಳಿಗಡ್ಡದ, ಕೊರಳಿಗೆ ದುರ್ಬೀನು ತೂಗುಹಾಕಿಕೊಂಡ ಹಿರಿಯರಾಗಿ. ಈ ಪ್ರಶ್ನೆಗೆ ಉತ್ತರ ಬೇಕಾದರೆ ಅದಕ್ಕಿಂತ ಬಹಳ ಹಿಂದಿನ, ಅಷ್ಟೇನೂ ಮಿಂಚಿಲ್ಲದ ವರ್ಷಗಳನ್ನು ನೋಡಬೇಕು.

ಅವರ ಮೊದಲ ವೇದಿಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್. 1883ರಲ್ಲಿ ಶುರುವಾದ ಆ ಸಂಸ್ಥೆ 1886ರಿಂದ ಜರ್ನಲ್ ಪ್ರಕಟಿಸುತ್ತ ಬಂದಿತ್ತು. ಅದರ ಒಂದು ಪದ್ಧತಿ ಹೊಸಬರಿಗೆ ಬಹಳ ಅನುಕೂಲದ್ದು. ದೊಡ್ಡ ಪ್ರಬಂಧಗಳ ಹಿಂದೆ, ಕೊನೆಯ ಪುಟಗಳಲ್ಲಿ, ಬಿಡಿ ಟಿಪ್ಪಣಿಗಳಿಗೆ ಜಾಗವಿರುತ್ತಿತ್ತು. ಅರಣ್ಯಾಧಿಕಾರಿಗಳು, ಕಾಫಿ ತೋಟದವರು, ಸೈನ್ಯದ ಡಾಕ್ಟರುಗಳು ತಾವು ಕಂಡದ್ದನ್ನು ಅಲ್ಲಿಗೆ ಬರೆದು ಕಳಿಸುತ್ತಿದ್ದರು. ಇಂಥ ಊರಿನಲ್ಲಿ, ಇಂಥ ತಿಂಗಳು, ಇಂಥ ಹಕ್ಕಿ ಗೂಡು ಕಟ್ಟಿತ್ತು, ಮೊಟ್ಟೆ ಇಷ್ಟಿತ್ತು ಎಂಬಷ್ಟೇ ವಿಷಯ. ಬರೆದವನ ಪದವಿಯನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಬರೆದದ್ದು ತಪ್ಪಾಗಿದ್ದರೆ ಮುಂದಿನ ಸಂಚಿಕೆಯಲ್ಲಿ ಇನ್ಯಾರೋ ಹೆಸರು ಹಾಕಿಯೇ ತಿದ್ದುತ್ತಿದ್ದರು. ಬರೆಯುವ ಕೈಗೆ ಇದಕ್ಕಿಂತ ಒಳ್ಳೆಯ ಲಗಾಮು ಇಲ್ಲ.

1927-28ರಲ್ಲಿ ಸಲೀಂ ಅಲಿ ಈ ಜರ್ನಲ್‌ನಲ್ಲಿ ಮೊಘಲ್ ಬಾದಶಹರ ಪ್ರಕೃತಿ ಆಸಕ್ತಿ ಮತ್ತು ಶಿಕಾರಿಯ ಬಗ್ಗೆ ಮೂರು ಕಂತುಗಳ ಲೇಖನ ಬರೆದರು. ಓದಲು ಸೊಗಸಾದ ಬರಹವೇನೋ ಹೌದು. ಆದರೆ ಅವರ ಹೆಸರನ್ನು ಪರಿಣತರ ಕಣ್ಣಿಗೆ ಬೀಳಿಸಿದ್ದು ಇದಕ್ಕಿಂತ ಎಷ್ಟೋ ಚಿಕ್ಕ ಸಂಗತಿ. ಒಂದೇ ಒಂದು ಗರಿ.

ಮಲೆನಾಡಿನವರು ಭೀಮರಾಜ ಕಾಜಾಣವನ್ನು ನೋಡಿರುತ್ತಾರೆ. ಬಾಲದಿಂದ ಎರಡು ಉದ್ದ ತಂತಿಗಳು ಹೊರಟು, ಅವುಗಳ ತುದಿಯಲ್ಲಿ ಮಾತ್ರ ಸೌಟಿನಂತೆ ಗರಿ ಬಿಚ್ಚಿಕೊಂಡಿರುವ ಕಪ್ಪು ಹಕ್ಕಿ ಅದು. ಹ್ಯೂ ವಿಸ್ಲರ್ ಎಂಬ ತಜ್ಞರು ಜರ್ನಲ್‌ನ ತಮ್ಮ ಲೇಖನಮಾಲೆಯಲ್ಲಿ ಈ ಬಾಲದ ಗರಿಯ ಒಳಬದಿಯಲ್ಲಿ ಎಳೆಗಳಿರುವುದಿಲ್ಲ ಎಂದು ಬರೆದಿದ್ದರು. ಹಳೆಯ ಪುಸ್ತಕಗಳಲ್ಲೂ ಹಾಗೇ ಇತ್ತು. ಸಲೀಂ ಅಲಿ ಗರಿಯನ್ನು ಕೈಯಲ್ಲಿ ಹಿಡಿದು ನೋಡಿದಾಗ ಬೇರೆಯೇ ಕಂಡಿತು. ಗರಿಯ ದಿಂಡು ತುದಿಗೆ ಹೋಗುವ ಮುಂಚೆ ತಿರುಚಿಕೊಂಡಿರುತ್ತದೆ. ಹಾಗಾಗಿ ಒಳಬದಿ ಯಾವುದು, ಹೊರಬದಿ ಯಾವುದು ಎಂಬುದು ಅದಲುಬದಲಾಗಿ ಕಾಣುತ್ತದೆ. ಒಬ್ಬರು ತಪ್ಪಾಗಿ ಬರೆದದ್ದನ್ನು ಉಳಿದವರು ಹಕ್ಕಿಯನ್ನು ನೋಡದೆ ನಕಲು ಮಾಡುತ್ತ ಬಂದಿದ್ದಾರೆ ಎಂದು ಅವರು ಬರೆದು ಕಳಿಸಿದರು.

ವಿಸ್ಲರ್ ಪಂಜಾಬಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವರು. ಭಾರತದ ಹಕ್ಕಿಗಳ ಮೇಲೆ ಅವರ ಪುಸ್ತಕ 1928ರಲ್ಲೇ ಬಂದಿತ್ತು. ಹೆಸರೇ ಕೇಳಿರದ ಭಾರತೀಯನೊಬ್ಬ ತಪ್ಪು ಹುಡುಕಿದ್ದು ಅವರಿಗೆ ಹಿಡಿಸಲಿಲ್ಲ. ಸಂಪಾದಕರಿಗೆ ಬಿರುಸಾಗಿಯೇ ಪತ್ರ ಬರೆದರು. ಆಮೇಲೆ ತಮ್ಮಲ್ಲಿದ್ದ ಹಕ್ಕಿಗಳ ಚರ್ಮಗಳನ್ನು ತೆಗೆದು ಮತ್ತೆ ನೋಡಿದರು. ಸಲೀಂ ಅಲಿ ಹೇಳಿದ್ದೇ ಸರಿಯಾಗಿತ್ತು. ವಿಸ್ಲರ್ ತಪ್ಪೊಪ್ಪಿಕೊಂಡರು. ಅಷ್ಟಕ್ಕೇ ನಿಲ್ಲದೆ ಆಪ್ತ ಸ್ನೇಹಿತರೂ ಆದರು, ಮುಂದಿನ ಕೆಲಸಗಳಿಗೆಲ್ಲ ಬೆನ್ನಿಗೆ ನಿಂತರು. ಈ ಪ್ರಸಂಗದಲ್ಲಿ ವಿಸ್ಲರ್ ಅವರ ದೊಡ್ಡತನವನ್ನು ಮೆಚ್ಚಬೇಕು, ನಿಜ. ಆದರೆ ಕೆಲಸ ಮಾಡಿದ್ದು ಆ ಆಕ್ಷೇಪದ ಸ್ವರೂಪವೂ ಹೌದು. ‘ಈ ಲೇಖನ ಸರಿಯಿಲ್ಲ’ ಎಂದಿದ್ದರೆ ಅದು ಇಬ್ಬರ ಜಗಳವಾಗಿ ಮುಗಿಯುತ್ತಿತ್ತು. ‘ಈ ಗರಿ ಇಲ್ಲಿ ತಿರುಚಿದೆ’ ಎಂದರೆ ಎದುರಿನವರು ಡ್ರಾಯರ್ ಎಳೆದು ತಾವೇ ನೋಡಿಕೊಳ್ಳಬಹುದು.

ಕೆಲಸ ಹೋದ ಮೇಲೆ ಮುಂಬೈಯ ಖರ್ಚು ತೂಗಿಸಲಾರದೆ ಸಲೀಂ ಅಲಿ ಮತ್ತು ಪತ್ನಿ ತಹಮಿನಾ ಹತ್ತಿರದ ಕಡಲತೀರದ ಹಳ್ಳಿ ಕಿಹೀಮ್‌ಗೆ ಹೋಗಿ ನೆಲೆಸಿದರು. ಅಲ್ಲಿ ಮನೆಯ ಬಳಿಯೇ ಗೀಜಗನ ಹಕ್ಕಿಗಳ ಒಂದು ಗುಂಪು ಗೂಡು ಕಟ್ಟುತ್ತಿತ್ತು. ನಮ್ಮಲ್ಲಿ ಈಚಲಮರಕ್ಕೋ ಬಾವಿಯ ಮೇಲೆ ಬಾಗಿದ ಕೊಂಬೆಗೋ ಜೋತುಬಿದ್ದ ಗೀಜಗನ ಗೂಡು ಯಾರು ನೋಡಿಲ್ಲ? ನೋಡಿದವರೆಲ್ಲ ಅರ್ಧಕ್ಕೇ ಬಿಟ್ಟ ಗೂಡುಗಳನ್ನೂ ನೋಡಿರುತ್ತಾರೆ. ಗಂಡುಹಕ್ಕಿ ತಾನು ಕೂರಲೆಂದು ಅವನ್ನು ಕಟ್ಟಿಕೊಳ್ಳುತ್ತದೆ ಎಂಬ ನಂಬಿಕೆ ಚಾಲ್ತಿಯಲ್ಲಿತ್ತು.

ಬಿಡುವೇ ಬಂಡವಾಳವಾಗಿದ್ದ ಸಲೀಂ ಅಲಿ ಮರೆ ಕಟ್ಟಿಕೊಂಡು ದಿನಗಟ್ಟಲೆ ಕೂತು ನೋಡಿದರು. ಗಂಡು ಗೂಡನ್ನು ಟೋಪಿಯಾಕಾರಕ್ಕೆ ತಂದು ನಿಲ್ಲಿಸುತ್ತದೆ. ಆಗ ಹೆಣ್ಣುಗಳು ಬಂದು, ಒಳಹೊಕ್ಕು, ಎಳೆದು ಜಗ್ಗಿ ಪರೀಕ್ಷೆ ಮಾಡುತ್ತವೆ. ಯಾವುದಾದರೂ ಹೆಣ್ಣು ಒಪ್ಪಿದರೆ ಮಾತ್ರ ಮೊಟ್ಟೆಯ ಗೂಡು, ಉದ್ದ ಕೊಳವೆ ಎಲ್ಲ ಕಟ್ಟಿ ಮುಗಿಸುತ್ತದೆ. ಹೆಣ್ಣು ಕಾವು ಕೂತ ಕೂಡಲೇ ಗಂಡು ಪಕ್ಕದಲ್ಲಿ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣಿಗೆ ಕಾಯುತ್ತದೆ. ಅರ್ಧಕ್ಕೆ ನಿಂತ ಗೂಡುಗಳಲ್ಲಿ ಹಲವು, ಹೆಣ್ಣು ಬೇಡವೆಂದು ಬಿಟ್ಟುಹೋದವು. ಈ ವಿವರಗಳ ಪ್ರಬಂಧ 1931ರ ಜರ್ನಲ್‌ನಲ್ಲಿ ಬಂತು. ಬೇರೆ ಬೇರೆ ಹಕ್ಕಿಗಳನ್ನು ಪಟ್ಟಿಮಾಡುವುದಷ್ಟೇ ಪಕ್ಷಿಶಾಸ್ತ್ರವೆಂದು ಬಗೆದಿದ್ದ ಕಾಲದಲ್ಲಿ ಬದುಕಿರುವ ಒಂದೇ ಹಕ್ಕಿಯನ್ನು ಹೀಗೆ ಹಿಂಬಾಲಿಸಿದ್ದು ಹೊಸತು. ಬರ್ಲಿನ್‌ನ ಗುರು ಎರ್ವಿನ್ ಸ್ಟ್ರೆಸೆಮನ್ ಅವರಿಂದ ಕಲಿತದ್ದು ಇಲ್ಲಿ ಫಲ ಕೊಟ್ಟಿತು.

ಇನ್ನು ಹೊಟ್ಟೆಪಾಡು. ಆ ಹೊತ್ತಿಗೆ ದೇಶದ ಎಷ್ಟೋ ಸಂಸ್ಥಾನಗಳ ಹಕ್ಕಿಗಳ ಬಗ್ಗೆ ಕ್ರಮಬದ್ಧ ದಾಖಲೆಯೇ ಇರಲಿಲ್ಲ. ಸಲೀಂ ಅಲಿ ಒಂದು ಪ್ರಸ್ತಾಪ ಮುಂದಿಟ್ಟರು: ನನಗೆ ಸಂಬಳ ಬೇಡ, ಕ್ಯಾಂಪು ಮತ್ತು ಓಡಾಟದ ಖರ್ಚನ್ನು ಸಂಸ್ಥಾನ ಕೊಡಲಿ, ಸಮೀಕ್ಷೆ ನಾನು ಮಾಡುತ್ತೇನೆ. ಮೊದಲು ಒಪ್ಪಿದ್ದು ಹೈದರಾಬಾದ್. ಆಗ ಬೀದರ್, ಗುಲ್ಬರ್ಗಾ, ರಾಯಚೂರು ಆ ಸಂಸ್ಥಾನಕ್ಕೇ ಸೇರಿದ್ದವು. ನಂತರ ತಿರುವಾಂಕೂರು ಮತ್ತು ಕೊಚ್ಚಿ, ಆಮೇಲೆ ಗ್ವಾಲಿಯರ್, ಇಂದೋರ್, ಭೋಪಾಲ್. 1939-40ರಲ್ಲಿ ಮೈಸೂರು. ತಹಮಿನಾ ಈ ಕ್ಯಾಂಪುಗಳಲ್ಲಿ ಜೊತೆಗಿದ್ದು ವ್ಯವಸ್ಥೆ ನೋಡಿಕೊಳ್ಳುತ್ತಿದ್ದರು. ಇಂಗ್ಲೆಂಡಿನಲ್ಲಿ ಓದಿ ಬಂದಿದ್ದ ಅವರು ಗಂಡನ ಇಂಗ್ಲಿಷ್ ಗದ್ಯವನ್ನು ತಿದ್ದಿ ಹದ ಮಾಡಿದರು ಎಂದು ಸಲೀಂ ಅಲಿ ಸ್ವತಃ ಹೇಳಿಕೊಂಡಿದ್ದಾರೆ. 1939ರಲ್ಲಿ ಒಂದು ಶಸ್ತ್ರಚಿಕಿತ್ಸೆಯ ನಂತರ ಆಕೆ ತೀರಿಕೊಂಡರು.

ಸಮೀಕ್ಷೆ ಎಂದರೆ ಏನು ಮಾಡುತ್ತಿದ್ದರು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವರ ಹೆಸರಿನ ಅಡಿಪಾಯ ಇರುವುದು ಅಲ್ಲೇ. ಈಗಿನಂತೆ ಕ್ಯಾಮೆರಾ ಹಿಡಿದು ಗುರುತಿಸುವ ಕಾಲವಲ್ಲ ಅದು. ಹಕ್ಕಿಯನ್ನು ಗುಂಡು ಹೊಡೆದು ಕೆಡವಿ, ಚರ್ಮ ಸುಲಿದು ಇಟ್ಟುಕೊಳ್ಳಬೇಕಿತ್ತು. ಕ್ರೂರ ಎನಿಸಿದರೂ ಆಗಿನ ಮಟ್ಟಿಗೆ ಬೇರೆ ಆಧಾರವಿರಲಿಲ್ಲ. ಸೆಕೆಯಲ್ಲಿ ದೇಹ ಬೇಗ ಕೆಡುವುದರಿಂದ ಬೆಳಗ್ಗೆ ಹೊಡೆದದ್ದನ್ನು ಅಂದೇ ಮುಗಿಸಬೇಕು. ಹೊಟ್ಟೆಯ ಮೇಲೆ ಸಣ್ಣಗೆ ಸೀಳಿ, ಗರಿ ಕದಡದಂತೆ ಚರ್ಮವನ್ನು ಕಾಲುಚೀಲದ ಹಾಗೆ ಹೊರಮಗ್ಗುಲಾಗಿ ಬಿಡಿಸಿ, ಮಾಂಸ ತೆಗೆದು, ತಲೆಬುರುಡೆ ಮತ್ತು ರೆಕ್ಕೆ, ಕಾಲಿನ ಮೂಳೆಗಳನ್ನಷ್ಟೇ ಉಳಿಸುತ್ತಾರೆ. ಹುಳ ಹಿಡಿಯದಿರಲೆಂದು ಒಳಗೆ ಆರ್ಸೆನಿಕ್ ಬೆರೆತ ಸಾಬೂನು ಸವರಿ, ಹತ್ತಿ ತುಂಬಿ, ಹೊಲಿದು, ರೆಕ್ಕೆ ಮಡಚಿ ಒಣಗಿಸುತ್ತಾರೆ.

ಇಷ್ಟು ಮಾಡಿದರೂ ಅದಕ್ಕೆ ಬೆಲೆ ಬರುವುದು ಕಾಲಿಗೆ ಕಟ್ಟುವ ಪುಟ್ಟ ಚೀಟಿಯಿಂದ. ಊರು, ತಾರೀಖು, ಕ್ರಮಸಂಖ್ಯೆ, ಗಂಡೋ ಹೆಣ್ಣೋ ಎಂಬುದೆಲ್ಲ ಅದರಲ್ಲಿ ಇರಬೇಕು. ಗಂಡು ಹೆಣ್ಣು ಎಂಬುದನ್ನು ಗರಿಯ ಬಣ್ಣದಿಂದ ಊಹಿಸಿ ಬರೆಯುವಂತಿಲ್ಲ, ಹೊಟ್ಟೆಯೊಳಗಿನ ವೃಷಣವನ್ನೋ ಅಂಡಾಶಯವನ್ನೋ ಕಣ್ಣಾರೆ ನೋಡಿ ಬರೆಯಬೇಕು. ಅದರ ಗಾತ್ರವನ್ನೂ ಗುರುತು ಹಾಕಿಕೊಂಡರೆ ಆ ಊರಿನಲ್ಲಿ ಆ ಹಕ್ಕಿ ಮರಿಮಾಡುವ ಕಾಲ ಯಾವುದೆಂದು ತಿಳಿಯುತ್ತದೆ. ಕಣ್ಣು, ಕೊಕ್ಕು, ಕಾಲುಗಳ ಬಣ್ಣವನ್ನು ತಡಮಾಡದೆ ಬರೆದುಕೊಳ್ಳಬೇಕು, ಯಾಕೆಂದರೆ ಸತ್ತ ಮೇಲೆ ಆ ಬಣ್ಣಗಳು ಮಾಸುತ್ತವೆ. ಚೀಟಿಯಿಲ್ಲದ ಚರ್ಮ ಶೋಕೇಸಿನ ಬೊಂಬೆಯಷ್ಟೇ.

ಹೈದರಾಬಾದಿನ ವರದಿ 1933-34ರಲ್ಲಿ ಜರ್ನಲ್‌ನಲ್ಲಿ ಕಂತುಕಂತಾಗಿ ಬಂತು. ಬರೆದವರು ಸಲೀಂ ಅಲಿ, ಜೊತೆಗೆ ಟಿಪ್ಪಣಿ ಹ್ಯೂ ವಿಸ್ಲರ್ ಅವರದು! ಗರಿಯ ವಿಷಯದಲ್ಲಿ ಸಿಡುಕಿದ್ದ ಅದೇ ವಿಸ್ಲರ್, ಮುಂಬೈಯವರು ಕಳಿಸಿದ ಚರ್ಮಗಳನ್ನು ಇಂಗ್ಲೆಂಡಿನಲ್ಲಿ ಕೂತು ಹೋಲಿಸಿ ನೋಡುತ್ತಿದ್ದರು. ಮೈಸೂರಿನ ಹಕ್ಕಿಗಳ ವರದಿ 1942-43ರಲ್ಲಿ ಪ್ರಕಟವಾಯಿತು. ಒಂದು ಸಂಸ್ಥಾನದ ವರದಿಯೇ ಮುಂದಿನ ಸಂಸ್ಥಾನಕ್ಕೆ ಅರ್ಜಿಯ ಹಾಗೆ. ಎರಡನೆಯ ದಿವಾನರಿಗೋ ಮಹಾರಾಜರಿಗೋ ‘ನಾನು ಮಾಡಬಲ್ಲೆ’ ಎಂದು ಹೇಳುವ ಅಗತ್ಯವಿರಲಿಲ್ಲ, ಮಾಡಿದ್ದು ಅಚ್ಚಾಗಿ ಮೇಜಿನ ಮೇಲಿತ್ತು.

ಈ ದಾರಿ ಎಲ್ಲರಿಗೂ ತೆರೆದಿತ್ತೆಂದು ಹೇಳಿದರೆ ಅದು ಅರ್ಧಸತ್ಯ. ಸಲೀಂ ಅಲಿ ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡರೂ ಬೆಳೆದದ್ದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಅವರ ಮನೆಯಲ್ಲಿ, ಮುಂಬೈಯ ಪ್ರತಿಷ್ಠಿತ ಮನೆತನದಲ್ಲಿ. 1908ರಲ್ಲಿ, ತಾನು ಹೊಡೆದ ಹಳದಿ ಕತ್ತಿನ ಗುಬ್ಬಿಯನ್ನು ಗುರುತು ಹಿಡಿಸಲು ಹುಡುಗ ಸೊಸೈಟಿಗೆ ಹೋದಾಗ ಕಾರ್ಯದರ್ಶಿ ಮಿಲ್ಲಾರ್ಡ್ ಕೂರಿಸಿ ಮಾತಾಡಿಸಿದರು, ಚರ್ಮ ಹದಮಾಡುವುದನ್ನು ಕಲಿಸುವ ಏರ್ಪಾಡು ಮಾಡಿದರು. ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿಯುವುದು, ಬರ್ಲಿನ್‌ಗೆ ಹೋಗಿ ಬರುವುದು, ದಿವಾನರ ಬಾಗಿಲು ತಟ್ಟುವುದು ಇದೆಲ್ಲ ಒಬ್ಬ ಗುಮಾಸ್ತನ ಮಗನಿಂದ ಆಗುತ್ತಿತ್ತೇ? ಕಷ್ಟ. ನಿಧಾನವಾಗಿ ಹೆಸರು ಮಾಡುವುದಕ್ಕೆ ಆ ನಿಧಾನದ ಖರ್ಚನ್ನು ಯಾರಾದರೂ ಹೊರಬೇಕು. ಇವರ ವಿಷಯದಲ್ಲಿ ಅದನ್ನು ಹೊತ್ತವರಲ್ಲಿ ತಹಮಿನಾ ಮೊದಲಿಗರು.

ಅಚ್ಚಾದ ದಾಖಲೆಯಿಂದ ಹೆಸರು ಬರುವುದಾದರೆ ದಾಖಲೆಯನ್ನೇ ಸೃಷ್ಟಿಸಿದರಾಯಿತಲ್ಲ ಎಂದು ಯೋಚಿಸಿದವರೂ ಇದ್ದರು. 1937ರಲ್ಲಿ ಸಲೀಂ ಅಲಿ ಅಫ್ಘಾನಿಸ್ತಾನಕ್ಕೆ ಹೋದದ್ದು ರಿಚರ್ಡ್ ಮೈನರ್ಟ್‌ಝ್‌ಹಾಗನ್ ಎಂಬ ಬ್ರಿಟಿಷ್ ಕರ್ನಲ್ ಜೊತೆ. ಆ ಕಾಲಕ್ಕೆ ಪಕ್ಷಿಶಾಸ್ತ್ರದಲ್ಲಿ ಆತ ಭಾರೀ ಹೆಸರು, ಸಲೀಂ ಅಲಿಗಿಂತ ಎಷ್ಟೋ ದೊಡ್ಡದು. ಆತ ಸತ್ತಿದ್ದು 1967ರಲ್ಲಿ. 1990ರ ದಶಕದಲ್ಲಿ ಆತನ ಸಂಗ್ರಹವನ್ನು ತಜ್ಞರು ಒಂದೊಂದಾಗಿ ಪರೀಕ್ಷಿಸಿದಾಗ ಬೆಚ್ಚಿಬೀಳುವ ಸಂಗತಿ ಹೊರಬಿತ್ತು. ಬೇರೆಯವರು ಸಂಗ್ರಹಿಸಿದ ಚರ್ಮಗಳನ್ನು ಮ್ಯೂಸಿಯಂಗಳಿಂದ ಕದ್ದು, ಹಳೆಯ ಚೀಟಿ ಕಿತ್ತು, ತನ್ನ ಹೆಸರು ಮತ್ತು ತನಗೆ ಬೇಕಾದ ಊರು, ತಾರೀಖು ಬರೆದು ಕಟ್ಟಿದ್ದ.

ಇದು ಬರೀ ಮಾನದ ಪ್ರಶ್ನೆಯಾಗಿರಲಿಲ್ಲ. ಫಾರೆಸ್ಟ್ ಔಲೆಟ್ ಎಂಬ ಮಧ್ಯಭಾರತದ ಪುಟ್ಟ ಗೂಬೆ 1884ರ ನಂತರ ಯಾರ ಕೈಗೂ ಸಿಕ್ಕಿರಲಿಲ್ಲ, ಆತನೊಬ್ಬನನ್ನು ಬಿಟ್ಟು. 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಹಿಡಿದೆ ಎಂದು ಆತನ ಚೀಟಿ ಹೇಳುತ್ತಿತ್ತು. ಅದನ್ನು ನಂಬಿ ಹುಡುಕಿದರೆ ಸಿಗುವುದಾದರೂ ಹೇಗೆ? ಅಮೆರಿಕದ ಪಮೇಲಾ ರಾಸ್ಮುಸನ್ ಆ ಚರ್ಮವನ್ನು ಪರೀಕ್ಷಿಸಿದಾಗ ಒಳಗಿನ ಕೆಲಸ ಬೇರೆಯವರ ಕೈಯದ್ದೆಂದು ಗೊತ್ತಾಯಿತು. ಪ್ರತಿಯೊಬ್ಬ ಸಂಗ್ರಾಹಕನಿಗೂ ಹತ್ತಿ ತುಂಬುವ, ಹೊಲಿಯುವ ತನ್ನದೇ ರೀತಿ ಇರುತ್ತದೆ. ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಖಾನ್‌ದೇಶದಲ್ಲಿ ಹಕ್ಕಿ ಸಂಗ್ರಹಿಸಿದ್ದ ಜೇಮ್ಸ್ ಡೇವಿಡ್ಸನ್ ಅವರ ಕೈಗೆ ಹೊಂದುತ್ತಿತ್ತು. ಮೈನರ್ಟ್‌ಝ್‌ಹಾಗನ್‌ನ ಊರನ್ನು ಪಟ್ಟಿಯಿಂದ ಹೊಡೆದುಹಾಕಿ, ನಿಜವಾದ ಚೀಟಿಗಳು ಹೇಳಿದ ಜಾಗಗಳಿಗೆ ರಾಸ್ಮುಸನ್ ಮತ್ತು ಜೊತೆಗಾರರು ಹೊರಟರು. 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಗೂಬೆ ಹಗಲಲ್ಲೇ ಕೊಂಬೆಯ ಮೇಲೆ ಕೂತಿತ್ತು. ಕರ್ನಲ್ ಕಟ್ಟಿದ ಹೆಸರು ಆತ ಸತ್ತು ಮೂವತ್ತು ವರ್ಷದಲ್ಲಿ ಕುಸಿಯಿತು. ಆತ ಬರೆದ ಪ್ರತಿ ದಾಖಲೆಯನ್ನೂ ಈಗ ಅನುಮಾನದಿಂದಲೇ ನೋಡಬೇಕು, ನಿಜವಾದವನ್ನೂ ಕೂಡ.

ಸಲೀಂ ಅಲಿ ಪರಿಣತರ ವಲಯವನ್ನು ದಾಟಿ ಮನೆಮಾತಾದದ್ದು 1941ರಲ್ಲಿ ಬಂದ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ನಿಂದ. ಆಗ ಅವರಿಗೆ ನಲವತ್ತೈದರ ಹತ್ತಿರ. ಆ ಪುಸ್ತಕದ ಜಾಣತನ ಅದರ ಅಳತೆಯಲ್ಲಿದೆ. ಹಕ್ಕಿ ಎಷ್ಟು ದೊಡ್ಡದು ಎಂದು ತಿಳಿಸಲು ಗುಬ್ಬಿಯಷ್ಟು, ಪಿಕಳಾರದಷ್ಟು, ಗೊರವಂಕದಷ್ಟು, ಕಾಗೆಯಷ್ಟು ಎಂದು ಎಲ್ಲರೂ ಕಂಡ ಹಕ್ಕಿಗಳನ್ನೇ ಅಳತೆಗೋಲು ಮಾಡಿದರು. ಹಕ್ಕಿಯನ್ನು ಹೊಡೆಯದೆ, ಮುಟ್ಟದೆ, ದೂರದಿಂದ ಗುರುತಿಸುವ ಅಭ್ಯಾಸ ಸಾಮಾನ್ಯರಿಗೆ ಬಂದದ್ದರಲ್ಲಿ ಈ ಪುಸ್ತಕದ ಪಾಲು ದೊಡ್ಡದು. ಅದೇ ವರ್ಷದಿಂದ ಅವರು ಆಕಾಶವಾಣಿಯಲ್ಲೂ ಮಾತಾಡತೊಡಗಿದರು. ಇಷ್ಟು ಸರಳವಾಗಿ ಬರೆಯುವ ಧೈರ್ಯ ಬಂದದ್ದು ಹಿಂದಿನ ಹತ್ತು ವರ್ಷಗಳ ನೀರಸ ಪಟ್ಟಿಗಳಿಂದ ಎಂದು ಧಾರಾಳವಾಗಿ ಹೇಳಬಹುದು. ಯಾವ ಹಕ್ಕಿ ಯಾವ ತಿಂಗಳು ಎಲ್ಲಿ ಗೂಡು ಕಟ್ಟುತ್ತದೆ ಎಂದು ಒಂದು ಸಾಲಿನಲ್ಲಿ ಬರೆಯಬೇಕಾದರೆ ಆ ಸಾಲಿನ ಹಿಂದೆ ಎಷ್ಟೋ ಚೀಟಿಗಳಿರಬೇಕು.

ಆಮೇಲಿನದು ಎಲ್ಲರಿಗೂ ಗೊತ್ತು. 1958ರಲ್ಲಿ ಪದ್ಮಭೂಷಣ ಬಂತು. ಪದವಿಯಿಲ್ಲದವರಿಗೆ ಅಲಿಗಢ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ವರ್ಷ. ಡಿಲ್ಲನ್ ರಿಪ್ಲಿ ಜೊತೆ ಬರೆದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಹೊರಬಂತು. 1987ರ ಜೂನ್ 20ರಂದು, ತೊಂಬತ್ತರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಸೊಸೈಟಿಯ ಜರ್ನಲ್‌ನ ಹಳೆಯ ಸಂಪುಟಗಳು ಈಗ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಮೈಸೂರು ಸೀಮೆಯ ಹಕ್ಕಿಗಳಲ್ಲಿ ಆಸಕ್ತಿಯಿರುವವರು 1942-43ರ ಆ ವರದಿಯನ್ನು ಒಮ್ಮೆ ತೆರೆದು, ತಮ್ಮ ಸುತ್ತಮುತ್ತ ಆಗ ಇದ್ದದ್ದೇನು, ಈಗ ಕಾಣುವುದೇನು ಎಂದು ಹೋಲಿಸಿ ನೋಡಬೇಕು. ವ್ಯತ್ಯಾಸ ಕಂಡರೆ ಊರು, ತಾರೀಖು ಸಮೇತ ಬರೆದಿಡಿ.